ಗ್ಲೈಡರ್ ವಿಮಾನದ ರೆಕ್ಕೆ ಯಾಕೆ ಅಷ್ಟು ಉದ್ದ, ಅಷ್ಟು ಸಪೂರ?

ಎತ್ತುವ ಬಲದ ಜೊತೆಗೇ ಹುಟ್ಟುವ ಎಳೆತವನ್ನು, ಅಂದರೆ ಇಂಡ್ಯೂಸ್ಡ್ ಡ್ರ್ಯಾಗನ್ನು, ಕಡಿಮೆ ಮಾಡಲು. ಹಾರುವಾಗ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಜಾಸ್ತಿ, ಮೇಲೆ ಕಡಿಮೆ. ಹಾಗಾಗಿ ತುದಿಯಲ್ಲಿ ಗಾಳಿ ಮೇಲಕ್ಕೆ ಸುತ್ತಿಕೊಂಡು ಸುಳಿಯಾಗುತ್ತದೆ. ಆ ಸುಳಿ ರೆಕ್ಕೆಯ ಬಳಿಯ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಆಗ ಎತ್ತುವ ಬಲ ನೆಟ್ಟಗಿರದೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ಎಳೆಯುವ ಆ ಪಾಲೇ ಈ ಎಳೆತ. ರೆಕ್ಕೆ ಉದ್ದವಾದಷ್ಟೂ ತುದಿಯ ಸುಳಿಯ ಈ ಪ್ರಭಾವ ಕಡಿಮೆ.

16 ಚದರ ಮೀಟರಿನ ರೆಕ್ಕೆ ತಗೊಳ್ಳಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದ 11 ಮೀಟರ್ ಇದ್ದರೆ ಆಸ್ಪೆಕ್ಟ್ ರೇಶಿಯೊ, ಅಂದರೆ ಉದ್ದದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದ್ದು, ಸುಮಾರು 7.5. ವಿಸ್ತೀರ್ಣ ಅಷ್ಟೇ ಇಟ್ಟು ಉದ್ದ 22 ಮೀಟರ್ ಮಾಡಿದರೆ ಸುಮಾರು 30. ತೂಕ, ವೇಗ ಬದಲಾಗದಿದ್ದರೆ ಈ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ! ನಿಧಾನವಾಗಿ ಹಾರುವಾಗ ಲಾಭ ಇನ್ನೂ ಜಾಸ್ತಿ. ಆದರೆ ಉದ್ದ ರೆಕ್ಕೆಯ ಬುಡ ಗಟ್ಟಿಯಿರಬೇಕು, ಅದಕ್ಕೆ ತೂಕ ಏರುತ್ತದೆ.