ಪ್ರತಿ ಜನವರಿ ಫಂಡ್ ಬದಲಿಸುತ್ತಿದ್ದವರು

ಗಂಗಾವತಿಯ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವವರು ಹಣ ಹೂಡುವ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಪ್ರತಿ ಜನವರಿಯಲ್ಲಿ ಹಳೆಯ ಮ್ಯೂಚುವಲ್ ಫಂಡ್ ಮಾರಿ, ಹಿಂದಿನ ವರ್ಷ ಲಾಭದಲ್ಲಿ ಮೊದಲು ಬಂದ ಫಂಡಿಗೆ ಹಣ ಹಾಕುವುದು ಅವರ ರೂಢಿ. "ಸರ್, ನಾನು ಹಾಕಿದ್ದೇ ತಡ, ಅದು ಮಲಗಿಬಿಡ್ತದ. ನನ್ನ ಕೈಗುಣಾನೇ ಸರಿ ಇಲ್ಲ" ಎಂದರು.

ತಮ್ಮನ್ನೇ ಬೈದುಕೊಳ್ಳುವುದು ನೋಡಿ ಸಂಕಟವಾಯಿತು. 2017ರಲ್ಲಿ ಸ್ಮಾಲ್ ಕ್ಯಾಪ್, ಅಂದರೆ ಸಣ್ಣ ಕಂಪನಿಗಳ ಷೇರುಗಳ ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಏರಿತ್ತು. 2018ರ ಜನವರಿಯಲ್ಲಿ ಇವರು ಐದು ಸ್ಟಾರಿನ ಸ್ಮಾಲ್ ಕ್ಯಾಪ್ ಫಂಡ್ ಕೊಂಡರು. ಆ ವರ್ಷ ಸೂಚ್ಯಂಕ ಸುಮಾರು ಕಾಲುಭಾಗ ಇಳಿಯಿತು. ಫಂಡ್ ಮೊದಲ ಸ್ಥಾನಕ್ಕೆ ಬಂದಿದ್ದು ಬಹುಪಾಲು ಆ ವರ್ಷ ಏರಿದ ಷೇರುಗಳು ಅದರಲ್ಲಿ ತುಂಬಿದ್ದರಿಂದ. ಮುಂದಿನ ವರ್ಷ ಏರುವುದು ಬೇರೆ ಷೇರುಗಳಿರಬಹುದು.

"ಹಂಗಾದ್ರ ಐದು ಸ್ಟಾರ್ ಯಾಕ ಕೊಟ್ರು?" ಎಂದು ಕೇಳಿದರು. ರೇಟಿಂಗ್ ಸಂಸ್ಥೆಗಳು ಸ್ಟಾರ್ ಕೊಡುವುದು ಹಿಂದಿನ ವರ್ಷಗಳ ಲಾಭ ಮತ್ತು ಏರಿಳಿತ ನೋಡಿ, ಅದೂ ಒಂದೇ ಗುಂಪಿನ ಫಂಡುಗಳನ್ನು ಹೋಲಿಸಿ. ಇಡೀ ಗುಂಪೇ ಕುಸಿದರೂ ಅದರಲ್ಲಿ ಮೇಲಿರುವವರಿಗೆ ಐದು ಸ್ಟಾರ್ ಇದ್ದೇ ಇರುತ್ತದೆ.

ಅವರ ಫೈಲಿನಲ್ಲಿ ಪೇಪರಿನಿಂದ ಕತ್ತರಿಸಿದ 2016ರ ಪಟ್ಟಿ ಇತ್ತು, ಒಂದೇ ಗುಂಪಿನ 20 ಫಂಡುಗಳದ್ದು. ಒಂದೊಂದೇ ಹೆಸರನ್ನು ಮೊಬೈಲಿನಲ್ಲಿ ಹುಡುಕಿದೆವು. ಸಿಕ್ಕಿದ್ದಕ್ಕೆ ಟಿಕ್ ಹಾಕುತ್ತಾ ಹೋದರು. ನಾಲ್ಕಕ್ಕೆ ಟಿಕ್ ಬೀಳಲಿಲ್ಲ. ನಾಲ್ಕೂ ಪಟ್ಟಿಯ ಕೆಳಭಾಗದವು. ಬೇರೆ ಫಂಡಿನಲ್ಲಿ ವಿಲೀನವಾಗಿದ್ದವು. 2017ರ ಅಕ್ಟೋಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ, ಒಂದು ಫಂಡ್ ಕಂಪನಿಗೆ ಒಂದು ಬಗೆಯಲ್ಲಿ ಸಾಮಾನ್ಯವಾಗಿ ಒಂದೇ ಫಂಡ್ ಎಂದು ನಿಯಮ ತಂದ ಮೇಲೆ ಹೀಗೆ ಬಹಳ ಫಂಡುಗಳು ಸೇರಿಹೋದವು.

ಲೆಕ್ಕದವರಿಗೆ ಲೆಕ್ಕದಲ್ಲೇ ಹೇಳಿದೆ. ಉಳಿದ 16 ಫಂಡುಗಳ ಸರಾಸರಿ ವರ್ಷಕ್ಕೆ 12% ಎಂದುಕೊಳ್ಳಿ, ಹೋದ ನಾಲ್ಕರದ್ದು 6%. ಇಂದಿನ ಪಟ್ಟಿ 12% ಎನ್ನುತ್ತದೆ. ಇಪ್ಪತ್ತನ್ನೂ ಸೇರಿಸಿದರೆ 10.8%. ಅವರು ಪೆನ್ನು ಕೆಳಗಿಟ್ಟು, "ಮುಚ್ಚಿದ ಮಿಲ್ ಬಿಟ್ಟು, ನಡೆಯೋ ಮಿಲ್ಲಿನ ಲಾಭ ಅಷ್ಟೇ ಲೆಕ್ಕ ಹಾಕಿದಂಗಾಯ್ತು" ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ನಾನು ಕೊಟ್ಟ ಸಲಹೆ ಇದು. ಜನವರಿಯ ಬದಲಾವಣೆ ನಿಲ್ಲಿಸಿ. ಹೊಸ ಎಸ್‌ಐಪಿ, ಅಂದರೆ ತಿಂಗಳ ಕಂತು, ಖರ್ಚು ಕಡಿಮೆ ಇರುವ ನಿಫ್ಟಿ 50 ಇಂಡೆಕ್ಸ್ ಫಂಡಿಗೆ ಹೋಗಲಿ. ನಿಫ್ಟಿ ಸೂಚ್ಯಂಕದಲ್ಲಿರುವ 50 ದೊಡ್ಡ ಕಂಪನಿಗಳ ಷೇರುಗಳನ್ನೇ ಅದು ಕೊಳ್ಳುತ್ತದೆ. ಅಲ್ಲಿ ಮೊದಲು ಬರುವ ಫಂಡ್ ಯಾವುದೆಂದು ಊಹಿಸುವ ಕೆಲಸವೇ ಇಲ್ಲ. ಆದರೆ ಮಾರುಕಟ್ಟೆ ಇಳಿದರೆ ಇದೂ ಇಳಿಯುತ್ತದೆ, ಹಾಗಾಗಿ ಐದಾರು ವರ್ಷ ಬೇಡದ ಹಣ ಮಾತ್ರ. ಈ ವರ್ಷ ಕೊಂಡ ಫಂಡಿಗೆ ಇನ್ನೂ ವರ್ಷ ತುಂಬಿಲ್ಲ. ಈಗ ಮಾರಿದರೆ ಎಕ್ಸಿಟ್ ಲೋಡ್ ಎಂಬ 1% ಶುಲ್ಕ ಹೋಗುತ್ತದೆ, ಲಾಭವಿದ್ದರೆ ತೆರಿಗೆಯೂ ಜಾಸ್ತಿ. ಅದಕ್ಕೇ ಕಾಯಲು ಹೇಳಿದೆ.

ಪಟ್ಟಿ ಕತ್ತರಿಸಿಡುವುದನ್ನು ಬಿಡಬೇಡಿ ಎಂದೂ ಹೇಳಿದೆ. ಐದು ವರ್ಷ ಹಳೆಯ ಪಟ್ಟಿಯಲ್ಲಿ ಟಿಕ್ ಬೀಳದ ಹೆಸರು ಎಷ್ಟು ಎಂದು ವರ್ಷಕ್ಕೊಮ್ಮೆ ಎಣಿಸಲು ಒಪ್ಪಿಕೊಂಡು, ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ಹೊರಟರು.