ಬ್ಯಾಗ್ ತುಂಬಬೇಕಾದವನು ಅವನು

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಮುಂದಿನ ತಿಂಗಳು ಶಾಲೆಯಿಂದ 7 ದಿನದ ಶಿಬಿರಕ್ಕೆ ಹೊರಟಿದ್ದಾನೆ. ಇದುವರೆಗೆ ಒಂದು ರಾತ್ರಿಯೂ ನಮ್ಮನ್ನು ಬಿಟ್ಟು ಮಲಗಿದವನಲ್ಲ. ಈಗಲೇ ಬ್ಯಾಗ್ ತುಂಬಿಸಲು ಶುರು ಮಾಡಿದ್ದೇನೆ. ಅದನ್ನು ನನಗೇ ಎತ್ತೋಕೆ ಆಗ್ತಿಲ್ಲ, ಆದರೂ ಏನು ತೆಗೆಯಬೇಕು ಅಂತ ತೋಚುತ್ತಿಲ್ಲ. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ತಿಂಗಳಿಗೆ ಎರಡು ಮೂರು ಸಲ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಅವನನ್ನು ಕಳಿಸಲೋ ಬೇಡವೋ?

ಉತ್ತರ: ಕಳಿಸಿ. ಆದರೆ ಮೊದಲು ಆ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬುವ ಕೆಲಸ ಅವನಿಗೇ ಬಿಡಿ. ನೀವು ಪಕ್ಕದಲ್ಲಿ ಕೂತು ಪಟ್ಟಿ ಓದಿ, ಅವನು ಒಂದೊಂದೇ ವಸ್ತು ಇಡಲಿ.

ಇದಕ್ಕೆ ಕಾರಣ ಇದೆ. ಅಮ್ಮ ತುಂಬಿದ ಬ್ಯಾಗಿನಲ್ಲಿ ಏನು ಎಲ್ಲಿದೆ ಅಂತ ಮಗುವಿಗೆ ಗೊತ್ತಿರುವುದಿಲ್ಲ. ಹುಡುಕಲು ಹೋದರೆ ಎಲ್ಲ ಹೊರಗೆ ಬರುತ್ತದೆ, ವಾಪಸ್ ಹಿಡಿಸುವುದಿಲ್ಲ. ಎರಡನೇ ದಿನಕ್ಕೆ ಮಗು ಹುಡುಕುವುದನ್ನೇ ಬಿಟ್ಟು ಕೈಗೆ ಸಿಕ್ಕಿದ ಒಂದೇ ಅಂಗಿಯಲ್ಲಿ ವಾರ ಕಳೆಯುತ್ತದೆ. ಶಿಬಿರದಿಂದ ಬಂದ ಬ್ಯಾಗಿನ ತಳದಲ್ಲಿ ಮಡಿಕೆ ಬಿಚ್ಚದ ಬಟ್ಟೆ ಹಾಗೇ ಇರುವುದು ಇದಕ್ಕೇ.

ತೂಕಕ್ಕೂ ಒಂದು ಲೆಕ್ಕವಿದೆ. ಮಗು ಬೆನ್ನಿಗೆ ಹೊರುವ ಬ್ಯಾಗ್ ಅದರ ತೂಕದ ನೂರಕ್ಕೆ 10ರಿಂದ 15ರಷ್ಟು ಇದ್ದರೆ ಸಾಕು ಅನ್ನುತ್ತಾರೆ. ನಿಮ್ಮ ಮಗ 28 ಕಿಲೋ ಇದ್ದಾನೆ ಅಂದುಕೊಳ್ಳಿ, 4 ಕಿಲೋ ಹತ್ತಿರ ನಿಲ್ಲಿಸಿ. ಹಾಸಿಗೆ ಬೇರೆ ಒಯ್ಯಬೇಕಿದ್ದರೆ ಅದು ಬೇರೆ ಗಂಟಾಗಲಿ. ತುಂಬಿದ ಮೇಲೆ ಅವನೇ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಲಿ. ಮುಂದಕ್ಕೆ ಬಾಗಿ ನಡೆಯುತ್ತಿದ್ದರೆ ಇನ್ನೂ ತೆಗೆಯಿರಿ.

ಬಟ್ಟೆಯನ್ನು ದಿನಕ್ಕೊಂದು ಸುರುಳಿ ಮಾಡಿಸಿ. ಒಂದು ಟೀ ಶರ್ಟ್, ಒಂದು ಪ್ಯಾಂಟ್, ಒಂದು ಒಳಚಡ್ಡಿ, ಒಂದು ಜೊತೆ ಸಾಕ್ಸ್ ಸೇರಿಸಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಬೆಳಿಗ್ಗೆ ಎದ್ದು ಒಂದು ಸುರುಳಿ ತೆಗೆದರೆ ಯೋಚನೆಯೇ ಬೇಡ. ಹೊರಡುವ ದಿನ ಮೈಮೇಲೆ ಒಂದು ಜೊತೆ ಇರುತ್ತದೆ, ಹಾಗಾಗಿ 6 ಸುರುಳಿ ಸಾಕು. ಹೆಚ್ಚುವರಿ ಅಂತ 3 ಒಳಚಡ್ಡಿ, 3 ಜೊತೆ ಸಾಕ್ಸ್ ಇಡಿ. ಜಾಸ್ತಿ ಬೇಕಾಗುವುದು ಇವೇ, ಅಂಗಿಯಲ್ಲ. ಮೇಲೊಂದು ಬೆಚ್ಚನೆಯ ಅಂಗಿ, ಒಂದು ರೇನ್‌ಕೋಟ್, ತೆಳುವಾದ 2 ಟವೆಲ್. ದಪ್ಪ ಟವೆಲ್ ಬೇಡವೇ ಬೇಡ. ಒಮ್ಮೆ ನೆನೆದರೆ ಒಣಗುವಷ್ಟರಲ್ಲಿ ಶಿಬಿರ ಮುಗಿದಿರುತ್ತದೆ!

ಶೂ ಹಳೆಯದೇ ಇರಲಿ. ಶಿಬಿರಕ್ಕೆ ಅಂತ ಹೊಸದು ಕೊಡಿಸಿದರೆ ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ, ಉಳಿದ ದಿನವೆಲ್ಲ ಕುಂಟುತ್ತಾ ನಡೆಯಬೇಕಾಗುತ್ತದೆ. ಹಳೆಯದು ಬಿಗಿಯಾಗಿದ್ದರೆ ಈಗಲೇ ಹೊಸದು ತಂದು ಎರಡು ಮೂರು ವಾರ ದಿನಾ ಹಾಕಿಸಿ. ಸ್ನಾನಕ್ಕೆ ಹೋಗಲು ಒಂದು ಚಪ್ಪಲಿ ಬೇಕು. ಟಾರ್ಚ್ ಒಂದು ಇರಲಿ. ಬ್ಯಾಗಿನಲ್ಲಿ ಒತ್ತಿಕೊಂಡು ತಾನೇ ಉರಿದುಬಿಡುತ್ತದೆ, ಅದಕ್ಕೆ ಸೆಲ್ ತೆಗೆದು ಬೇರೆ ಇಟ್ಟು, ಹಾಕುವುದನ್ನು ಅವನಿಗೆ ಕಲಿಸಿ. ಬ್ರಷ್, ಪೇಸ್ಟ್, ಸೋಪು, ಬಾಚಣಿಗೆ ಹೇಗೂ ಇರುತ್ತವೆ. ಎಲ್ಲದರ ಮೇಲೂ ಅಳಿಸದ ಪೆನ್ನಿನಲ್ಲಿ ಹೆಸರು ಬರೆಯಿರಿ, ಸಾಕ್ಸ್ ಮೇಲೂ.

ಔಷಧಿಯನ್ನು ಮಗುವಿನ ಕೈಗೆ ಕೊಡಬೇಡಿ. ಹೆಸರು, ಎಕ್ಸ್‌ಪೈರಿ ದಿನಾಂಕ ಕಾಣುವಂತೆ ಸ್ಟ್ರಿಪ್ ಕತ್ತರಿಸದೆ ಒಂದು ಕವರಿಗೆ ಹಾಕಿ. ಎಷ್ಟು, ಯಾವಾಗ ಅಂತ ಚೀಟಿ ಬರೆದು, ವೈದ್ಯರ ಚೀಟಿಯ ಪ್ರತಿಯ ಜೊತೆ ಶಿಬಿರದ ಮೇಲ್ವಿಚಾರಕರಿಗೇ ತಲುಪಿಸಿ. ಉಬ್ಬಸದ ಇನ್‌ಹೇಲರ್ ಮಾತ್ರ ಬೇರೆ. ಅದು ಬೇಕಾದ ಮಗು ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬೇಕು, ಆ ವಿಷಯ ಮೇಲ್ವಿಚಾರಕರಿಗೂ ಗೊತ್ತಿರಬೇಕು.

ಈಗ ನೀವು ಯಾರಿಗೂ ಹೇಳದ ವಿಷಯ. 9 ವರ್ಷಕ್ಕೆ ಇದು ಅಪರೂಪವೇನಲ್ಲ. ಆ ಶಿಬಿರದಲ್ಲಿ ಇವನೊಬ್ಬನೇ ಹೀಗೆ ಅಂತ ನನಗಂತೂ ಅನಿಸುವುದಿಲ್ಲ. ಇದು ಅವನು ಬೇಕೆಂದು ಮಾಡುವುದಲ್ಲ ಅಂತ ನಿಮಗೂ ಗೊತ್ತು ಅಲ್ವಾ? ಅವನನ್ನು ಕೇಳಿ, ಒಪ್ಪಿಸಿ, ಆಮೇಲೆ ಒಬ್ಬರೇ ಒಬ್ಬ ಮೇಲ್ವಿಚಾರಕರಿಗೆ ಫೋನಿನಲ್ಲಿ ಹೇಳಿ. ಎಲ್ಲರ ಕೈಗೂ ಸಿಗುವ ಫಾರ್ಮಿನಲ್ಲಿ ಬರೆಯಬೇಡಿ. ಎರಡೇ ಸಹಾಯ ಕೇಳಿ: ದೊಡ್ಡವರು ಮಲಗುವ ಮುಂಚೆ ಇವನನ್ನು ಸದ್ದಿಲ್ಲದೆ ಎಬ್ಬಿಸಿ ಟಾಯ್ಲೆಟ್‌ಗೆ ಕರೆದುಕೊಂಡು ಹೋಗುವುದು, ಬಾಗಿಲ ಹತ್ತಿರದ ಜಾಗ ಕೊಡುವುದು.

ಬ್ಯಾಗಿನಲ್ಲಿ ಇದಕ್ಕೆ ಒಂದು ಬೇರೆ ಗಂಟು ಬೇಕು. ಹೊರಗಿನಿಂದ ಒಳಗಿನದು ಕಾಣದ ಬಟ್ಟೆಯ ಚೀಲ ತೆಗೆದುಕೊಳ್ಳಿ. ಅದರಲ್ಲಿ ಗಾಢ ಬಣ್ಣದ 3 ರಾತ್ರಿ ಪ್ಯಾಂಟ್, 3 ಒಳಚಡ್ಡಿ, ಹಾಸಿಗೆಯ ಮೇಲೆ ಹಾಕುವ ನೀರು ಇಳಿಯದ ಒಂದು ಶೀಟ್, ಒದ್ದೆ ಬಟ್ಟೆ ಹಾಕಲು 2 ಕಪ್ಪು ಪ್ಲಾಸ್ಟಿಕ್ ಕವರ್. ಅವನು ಒಪ್ಪಿದರೆ ರಾತ್ರಿ ಹಾಕುವ ಹೀರಿಕೊಳ್ಳುವ ಚಡ್ಡಿಯನ್ನು ಮಲಗುವ ಚೀಲದ ಒಳಗೇ ಸೇರಿಸಿಡಿ. ಒಳಗೆ ಸೇರಿಕೊಂಡ ಮೇಲೆ ಹಾಕಿಕೊಳ್ಳಬಹುದು, ಬೆಳಿಗ್ಗೆ ಅಲ್ಲೇ ಕಳಚಬಹುದು, ಪಕ್ಕದವನಿಗೆ ತಿಳಿಯುವುದಿಲ್ಲ. ಮನೆಯಲ್ಲಿ ನಾಲ್ಕು ರಾತ್ರಿ ದೀಪ ಆರಿಸಿ ಹೀಗೆ ಮಾಡಿಸಿ ನೋಡಿ. ಕತ್ತಲಲ್ಲಿ ಕೈಗೆ ಸಿಗದ ವಸ್ತುವನ್ನು ಕಳಿಸಿ ಏನು ಪ್ರಯೋಜನ? ಒದ್ದೆಯಾದರೆ ಬಟ್ಟೆಯನ್ನು ಕವರಿಗೆ ಹಾಕಿ ಆ ಮೇಲ್ವಿಚಾರಕರಿಗೆ ಕೊಡಬೇಕು ಅಂತಲೂ ಹೇಳಿಕೊಡಿ. ಕವರಿನಲ್ಲೇ ಕಟ್ಟಿಟ್ಟರೆ ಒಂದೆರಡು ದಿನಕ್ಕೆ ವಾಸನೆ ಬರುತ್ತದೆ, ಆ ವಾಸನೆಯೇ ವಿಷಯವನ್ನು ಎಲ್ಲರಿಗೂ ಹೇಳಿಬಿಡುತ್ತದೆ.

ನೀರು ಕುಡಿಯಬೇಡ ಅಂತ ಮಾತ್ರ ಹೇಳಿ ಕಳಿಸಬೇಡಿ. ಹಗಲು ಓಡಾಡುವ ಮಗು ಚೆನ್ನಾಗಿ ಕುಡಿಯಬೇಕು. ಮಲಗುವ ಮುಂಚಿನ ಒಂದೆರಡು ಗಂಟೆ ಕಡಿಮೆ ಮಾಡಿದರೆ ಸಾಕು. ಇನ್ನೊಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೊಸ ಜಾಗದ ಟಾಯ್ಲೆಟ್‌ಗೆ ಹೆದರಿ ಮಕ್ಕಳು ಎರಡು ಮೂರು ದಿನ ಮಲ ತಡೆದುಕೊಳ್ಳುತ್ತವೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ರಾತ್ರಿ ಒದ್ದೆಯಾಗುವುದು ಜಾಸ್ತಿಯಾಗುತ್ತದೆ. ದಿನಾ ಬೆಳಿಗ್ಗೆ ತಿಂಡಿ ಆದಮೇಲೆ ಹತ್ತು ನಿಮಿಷ ಕೂತು ಬಾ ಅಂತ ಈಗಲೇ ರೂಢಿ ಮಾಡಿಸಿ. ನಿಮ್ಮ ಮನೆಯಲ್ಲದ ಟಾಯ್ಲೆಟ್‌ಗೂ ಒಂದೆರಡು ಸಲ ಹೋಗಿ ಬರಲಿ.

ವೈದ್ಯರನ್ನು ಕಾಣುವುದಿದ್ದರೆ ಇದೇ ವಾರ ಕಾಣಿ. ಇದಕ್ಕೆ ಮಾತ್ರೆ ಇದೆ, ಕೆಲವು ಮಕ್ಕಳಿಗೆ ಶಿಬಿರದಂಥ ದಿನಗಳಿಗಷ್ಟೇ ಬರೆದುಕೊಡುತ್ತಾರೆ. ಡೆಸ್ಮೋಪ್ರೆಸಿನ್ ಅಂತ ಅದರ ಹೆಸರು. ಅದನ್ನು ತೆಗೆದುಕೊಂಡ ರಾತ್ರಿ ನೀರು ಜಾಸ್ತಿ ಕುಡಿದರೆ ಅಪಾಯ, ಆದ್ದರಿಂದ ಕುಡಿಯುವ ನೀರಿನ ಮಿತಿಯನ್ನು ವೈದ್ಯರಿಂದ ಬರೆಸಿಕೊಂಡು ಔಷಧಿಯ ಕವರಿಗೇ ಅಂಟಿಸಿ. ಮೊದಲ ಮಾತ್ರೆ ಮನೆಯಲ್ಲೇ ಆಗಲಿ, ಶಿಬಿರದಲ್ಲಿ ಬೇಡ.

ಕೊನೆಗೆ ಪಟ್ಟಿಯ ಒಂದು ಪ್ರತಿಯನ್ನು ಬ್ಯಾಗಿನ ಒಳಗಡೆ ಅಂಟಿಸಿ, ವಾಪಸ್ ಹೊರಡುವ ದಿನ ಅವನು ನೋಡಿಕೊಂಡು ತುಂಬಲಿ. ಒದ್ದೆ ಗಂಟಿನ ವಸ್ತುಗಳನ್ನು ಆ ಪಟ್ಟಿಯಲ್ಲಿ ಬರೆಯಬೇಡಿ. ಪಕ್ಕದ ಹಾಸಿಗೆಯ ಹುಡುಗನೂ ಓದಬಲ್ಲ.