ಒಂದೂವರೆ ಪುಟ ಯಾಕೆ, ಐದು ಸಾಲು ಸಾಕು

*ಸಂಪಾದಕರೇ, ನನಗೆ ಎರಡೂ ಕಿವಿ ಮಂದ, ಹಿಯರಿಂಗ್ ಏಡ್ ಹಾಕುತ್ತೇನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಫೋನ್ ರೌಂಡ್‌ನಲ್ಲೇ ಹೋಯಿತು, ಅರ್ಧ ಪ್ರಶ್ನೆ ಕೇಳಿಸಲೇ ಇಲ್ಲ. ಈಗ ಇನ್ನೊಂದು ಬೆಂಗಳೂರು ಕಂಪನಿ ಕರೆದಿದೆ. ಎಚ್‌ಆರ್‌ಗೆ ಒಂದೂವರೆ ಪುಟದ ಪತ್ರ ಬರೆದು, ಕಿವಿ ಪರೀಕ್ಷೆಯ ರಿಪೋರ್ಟನ್ನೂ ಸೇರಿಸಿ ಇಟ್ಟಿದ್ದೇನೆ. ಮಾವ ಮಾತ್ರ ಆಫರ್ ಲೆಟರ್ ಕೈಗೆ ಬರುವ ತನಕ ಬಾಯಿ ಬಿಡಬೇಡ ಅನ್ನುತ್ತಾರೆ. ಕಳಿಸಲೋ ಬೇಡವೋ?*
*— ಓದುಗಿ, ದಾವಣಗೆರೆ*

ಕಳಿಸಿ. ಆದರೆ ಆ ಪತ್ರವನ್ನಲ್ಲ.

ನಿಮ್ಮ ಮಾವ ಹೇಳಿದ್ದರಲ್ಲೂ ಹುರುಳಿದೆ. ಕಿವಿ ಕೇಳುವುದಿಲ್ಲ ಅಂದ ತಕ್ಷಣ ಅರ್ಜಿಯನ್ನು ಪಕ್ಕಕ್ಕಿಡುವವರು ಇದ್ದಾರೆ, ಹಾಗೆ ಮಾಡಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಬಾಯಿ ಬಿಡದೆ ಕೂತು ಏನಾಯಿತು ಅಂತ ನೀವೇ ಬರೆದಿದ್ದೀರಲ್ಲ? ಆಚೆ ಕಡೆಯವರು ನಿಮಗೆ ಕಿವಿ ಮಂದ ಅಂದುಕೊಂಡಿರಲಿಕ್ಕಿಲ್ಲ. ಈ ಹುಡುಗಿಗೆ ಉತ್ತರವೇ ಗೊತ್ತಿಲ್ಲ ಅಂದುಕೊಂಡಿರುತ್ತಾರೆ. ಇವೆರಡರಲ್ಲಿ ಯಾವುದು ವಾಸಿ?

ಫೋನ್ ಕೈಕೊಟ್ಟಿದ್ದಕ್ಕೂ ಕಾರಣವಿದೆ. ಹಳೇ ಮಾದರಿಯ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. ಸ, ಇಂಗ್ಲಿಷಿನ ಎಫ್ ತರಹದ ಸದ್ದುಗಳ ಹೆಚ್ಚಿನ ಪಾಲು ಅದಕ್ಕಿಂತ ಮೇಲಿರುತ್ತದೆ. ತುಂಬಾ ಜನರ ಕಿವಿ ಮೊದಲು ಸೋಲುವುದೂ ಆ ಮೇಲಿನ ಸದ್ದುಗಳಲ್ಲೇ. ಎದುರು ಕೂತಿದ್ದರೆ ತುಟಿ ನೋಡಿ ತುಂಬಿಕೊಳ್ಳಬಹುದು, ಫೋನಿನಲ್ಲಿ ತುಟಿಯೂ ಇಲ್ಲ. ಅಲ್ಲಿ 'ಟೆಸ್ಟ್' ಯಾವುದು, 'ಟೆಕ್ಸ್ಟ್' ಯಾವುದು? ಹಾಗಾಗಿ ನೀವು ಕೇಳುತ್ತಿರುವುದು ದಯೆಯಲ್ಲ, ಬೇರೆ ದಾರಿಯಲ್ಲಿ ಬರುವ ಅದೇ ಪ್ರಶ್ನೆ.

ಈಗ ನಿಮ್ಮ ಒಂದೂವರೆ ಪುಟ. ಓದದೆಯೇ ಅದರಲ್ಲಿ ಏನಿದೆ ಅಂತ ಹೇಳಬಲ್ಲೆ, ಸಿಟ್ಟಾಗಬೇಡಿ. ಚಿಕ್ಕಂದಿನ ಜ್ವರ, ಡಾಕ್ಟರು, ಎಷ್ಟು ಡೆಸಿಬಲ್, ಅಪ್ಪ ಅಮ್ಮ ಪಟ್ಟ ಪಾಡು, ಕೊನೆಗೆ 'ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ'. ತಪ್ಪು ನಿಮ್ಮದಲ್ಲ, ನಮ್ಮ ಶಾಲೆಯದು. ನಮಗೆ ಕಲಿಸಿದ ಮೊದಲ ಪತ್ರವೇ ರಜಾ ಅರ್ಜಿ. 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅಂತ ಶುರು, 'ತಮ್ಮ ವಿಧೇಯ' ಅಂತ ಮುಕ್ತಾಯ. ನಡುವೆ ಹೊಟ್ಟೆನೋವು ನಿಜ ಅಂತ ನಂಬಿಸುವ ಕಸರತ್ತು. ದೊಡ್ಡವರಾದರೂ ಆ ಕೈ ಹೋಗುವುದಿಲ್ಲ. ಈ ಪತ್ರಿಕೆಗೆ ಬರುವ ಲೇಖನದ ಜೊತೆಗಿನ ಪತ್ರವೂ ಅರ್ಜಿಯ ಹಾಗೇ ಇರುತ್ತದೆ, ಲೇಖನ ಯಾವುದರ ಬಗ್ಗೆ ಅಂತ ಹೇಳುವುದಕ್ಕೇ ಒಂದು ಪುಟ ಬೇಕು.

ಒಂದು ಕಾರ್ಡಿನ ಕಥೆ ಹೇಳುತ್ತೇನೆ. ವರ್ಷಗಳ ಹಿಂದೆ ಕರಡು ತಿದ್ದುವ ಕೆಲಸಕ್ಕೆ ನಾವು ಜನ ಹುಡುಕುತ್ತಿದ್ದೆವು. ಒಬ್ಬರು ಅಂಚೆ ಕಾರ್ಡಿನಲ್ಲಿ ಬರೆದಿದ್ದರು: 'ಸೋಮವಾರ ಬರುತ್ತೇನೆ. ನನಗೆ ಎಡಗಿವಿ ಕೇಳುವುದಿಲ್ಲ. ನನ್ನ ಬಲಗಡೆ ಕೂತು ಮಾತಾಡಿಸಿ.' ನಾವು ಕುರ್ಚಿ ಆ ಕಡೆಗೆ ಹಾಕಿದೆವು, ಅಷ್ಟೇ. ಅವರ ಕಿವಿಗೆ ಏನಾಗಿತ್ತು ಅಂತ ಯಾರೂ ಕೇಳಲಿಲ್ಲ. ಏನು ಮಾಡಬೇಕು ಅಂತ ಗೊತ್ತಾದವರಿಗೆ ಕೇಳಲು ಇನ್ನೇನು ಉಳಿದಿರುತ್ತದೆ?

ನೀವೂ ಹಾಗೇ ಬರೆಯಿರಿ. ಸಂದರ್ಶನದ ದಿನ ತಿಳಿಸಿ ಬಂದ ಮೇಲ್‌ಗೇ ಉತ್ತರವಾಗಿ, ರಿಕ್ರೂಟರ್‌ಗೆ. ಹೊಸ ಮೇಲ್ ಬೇಡ, ಅದು ಕಳೆದುಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ಇಷ್ಟೇ ಇರಲಿ:

'ನಮಸ್ಕಾರ. ಗುರುವಾರ 11 ಗಂಟೆಗೆ ಸಿದ್ಧಳಿದ್ದೇನೆ. ನನಗೆ ಕಿವಿ ಮಂದ, ಹಿಯರಿಂಗ್ ಏಡ್ ಬಳಸುತ್ತೇನೆ. ಫೋನ್ ಬದಲು ವಿಡಿಯೊ ಕಾಲ್ ಇಡಿ, ಲೈವ್ ಕ್ಯಾಪ್ಷನ್ ಸಿಗುವ ಹಾಗೆ ಮಾಡಿ, ಮಾತಾಡುವವರ ಕ್ಯಾಮೆರಾ ಆನ್ ಇರಲಿ. ಉದ್ದದ ಪ್ರಶ್ನೆಯನ್ನು ಚಾಟ್‌ನಲ್ಲೂ ಹಾಕಿದರೆ ಅನುಕೂಲ. ನಾನು ಆಗಾಗ ಕ್ಯಾಪ್ಷನ್ ಕಡೆ ನೋಡುತ್ತಿರುತ್ತೇನೆ. ಸಂದರ್ಶನ ಮಾಡುವವರಿಗೂ ಇದನ್ನು ತಿಳಿಸಿ, ಬುಧವಾರದೊಳಗೆ ಒಂದು ಸಾಲು ಬರೆಯುವಿರಾ?'

ಇದರಲ್ಲಿ ರಿಪೋರ್ಟ್ ಇಲ್ಲ, ಕ್ಷಮೆ ಇಲ್ಲ, ಕಾನೂನಿನ ಸೆಕ್ಷನ್ನೂ ಇಲ್ಲ. ಮಾತನ್ನು ಪರದೆಯ ಮೇಲೆ ಅಕ್ಷರವಾಗಿ ತೋರಿಸುವ ಕ್ಯಾಪ್ಷನ್ ಮೊದಲೇ ಕೇಳಬೇಕು, ಯಾಕೆಂದರೆ ಗೂಗಲ್ ಮೀಟ್‌ನಲ್ಲಿ ಸಾಮಾನ್ಯವಾಗಿ ನೀವೇ ಹಾಕಿಕೊಳ್ಳಬಹುದು, ಆದರೆ ಜೂಮ್‌ನಲ್ಲಿ ಕರೆ ಇಟ್ಟವರ ಖಾತೆಯಲ್ಲಿ ಆ ಸೌಲಭ್ಯ ಬಂದ್ ಆಗಿದ್ದರೆ ಅದನ್ನು ನೀವು ಹಾಕಿಕೊಳ್ಳಲಾಗದು. ಆ ಕ್ಷಣದಲ್ಲಿ ಅವರು ಸೆಟ್ಟಿಂಗ್ ಹುಡುಕುತ್ತಾ ಕೂತರೆ ನಿಮ್ಮ ಸಮಯವೇ ಹೋಗುವುದು. ಕಣ್ಣಿನ ಮಾತೂ ಸುಮ್ನೆ ಹಾಕಿದ್ದಲ್ಲ. ಪರದೆಯ ಮೂಲೆ ನೋಡುವವರನ್ನು ಈಗ ಉತ್ತರ ಓದುತ್ತಿದ್ದಾರೆ ಅಂತ ಅನುಮಾನಿಸುತ್ತಾರೆ. ಮೊದಲೇ ಹೇಳಿಬಿಟ್ಟರೆ ಆ ಅನುಮಾನಕ್ಕೆ ಜಾಗ ಕಡಿಮೆ.

ಕ್ಯಾಪ್ಷನ್ನನ್ನೂ ಪೂರ್ತಿ ನಂಬಬೇಡಿ. ಅದು ಒಂದೆರಡು ಕ್ಷಣ ಹಿಂದಿರುತ್ತದೆ. ನಮ್ಮ ಇಂಗ್ಲಿಷ್ ಉಚ್ಚಾರಕ್ಕೆ, ಟೂಲ್‌ಗಳ ಹೆಸರಿಗೆ ಎಡವುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಕಲಸಿಹೋಗುತ್ತದೆ. ಚಾಟ್ ಕೇಳಿದ್ದು ಅದಕ್ಕೇ. ಹಿಂದಿನ ದಿನ ಗೆಳತಿಯೊಬ್ಬಳ ಜೊತೆ ಅದೇ ಆ್ಯಪ್‌ನಲ್ಲಿ ಮಾತಾಡಿ ನೋಡಿ, ಯಾವ ಪದ ತಪ್ಪುತ್ತದೆ ಅಂತ ಗೊತ್ತಾಗುತ್ತದೆ. ಪ್ರಶ್ನೆ ಅರ್ಧ ಸಿಕ್ಕಿದರೆ 'ಪಾರ್ಡನ್' ಅನ್ನಬೇಡಿ. 'ಲಾಗಿನ್ ಪುಟದ ಬಗ್ಗೆ ಕೇಳಿದಿರಿ, ಆಮೇಲಿನದು ಸಿಗಲಿಲ್ಲ' ಅನ್ನಿ. ಆಗ ಅವರು ಮೊದಲಿನಿಂದ ಶುರುಮಾಡದೆ ಬಿಟ್ಟುಹೋದದ್ದನ್ನಷ್ಟೇ ಹೇಳುತ್ತಾರೆ.

ಕಾನೂನಿನ ಮಾತು ಬೇಕಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಅಂಗವಿಕಲರ ನೇಮಕಾತಿ, ಸೌಲಭ್ಯ ನೋಡಿಕೊಳ್ಳುವ ಲಿಯೇಸನ್ ಅಧಿಕಾರಿಯ ನೇಮಕದ ವಿಷಯವೂ ಇರಬೇಕು. ಎಚ್‌ಆರ್ ಉತ್ತರಿಸದಿದ್ದರೆ ಆ ಅಧಿಕಾರಿಗೆ ಬರೆಯಿರಿ. ಅನುಕೂಲ ಕೊಡಲೇಬೇಕು ಅಂತ ಸರ್ಕಾರಿ ಸಂಸ್ಥೆಗೆ ಹೇಳಿದಷ್ಟು ನೇರವಾಗಿ ಕಾಯ್ದೆ ಖಾಸಗಿಯವರಿಗೆ ಹೇಳಿಲ್ಲ, ಅದು ಅದರ ಮಿತಿ. 'ನಿಮ್ಮ ಅಂಗವೈಕಲ್ಯ ಶೇಕಡಾ 40 ಇಲ್ಲವಲ್ಲ' ಅನ್ನುವವರೂ ಸಿಗುತ್ತಾರೆ. ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಬರಹಗಾರರನ್ನು ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇಂಥ ಅನುಕೂಲಕ್ಕೆ ಆ 40ರ ಗೆರೆ ಅಡ್ಡ ಬರಬಾರದು ಅಂದಿದೆ. ಇದೆಲ್ಲ ನಿಮ್ಮ ಜೇಬಿನಲ್ಲಿರಲಿ, ಮೊದಲ ಮೇಲ್‌ನಲ್ಲಿ ಬೇಡ. ಪ್ರಮಾಣಪತ್ರ ಕೇಳಿದರೆ, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡ್ ಇದ್ದರೆ ಅದನ್ನಷ್ಟೇ ಕೊಡಿ. ಕಿವಿಯ ಗ್ರಾಫ್ ನೋಡಿ ಎಚ್‌ಆರ್ ಏನು ಮಾಡುತ್ತಾರೆ?

ನಿಜವಾದ ತೊಡಕು ಎರಡನೇ ರೌಂಡ್‌ನಲ್ಲಿ. ರಿಕ್ರೂಟರ್ ಬದಲಾಗಿರುತ್ತಾರೆ, ಅಥವಾ ಕೆಲಸ ಹೊರಗಿನ ಕನ್ಸಲ್ಟೆನ್ಸಿಯ ಕೈಗೆ ಹೋಗಿರುತ್ತದೆ. ಅವರು ಸಿಗ್ನಲ್‌ನಲ್ಲಿ ನಿಂತ ಕ್ಯಾಬ್‌ನಿಂದ ಫೋನ್ ಮಾಡಿ 'ಎರಡೇ ನಿಮಿಷ ಮೇಡಂ' ಅಂತಾರೆ. ಅದೇ ಐದು ಸಾಲನ್ನು ಪ್ರತಿ ರೌಂಡ್‌ಗೂ ಮತ್ತೆ ಕಳಿಸಿ. ಕ್ಯಾಲೆಂಡರ್ ಆಹ್ವಾನದಲ್ಲೂ ಹಾಕಿಸಿ, ಸಂದರ್ಶಕರು ಕರೆಗೆ ಮುಂಚೆ ತೆರೆಯುವುದು ಅದನ್ನೇ. ಆ ಎರಡು ನಿಮಿಷದ ಕರೆಗೆ 'ನನಗೆ ಫೋನ್ ಆಗುವುದಿಲ್ಲ, ಮೇಲ್‌ನಲ್ಲಿ ಬರೆದಿದ್ದೇನೆ, ವಿಡಿಯೊ ಲಿಂಕ್ ಕಳಿಸಿ' ಅಂದು ಇಟ್ಟುಬಿಡಿ. ಒರಟಾಯಿತೇ ಅಂತ ಯೋಚಿಸಬೇಡಿ. ವೆಬ್‌ಸೈಟ್ ತುಂಬಾ 'ಎಲ್ಲರಿಗೂ ಸಮಾನ ಅವಕಾಶ' ಅಂತ ಬರೆದುಕೊಂಡು, ಅರ್ಜಿಯ ನಮೂನೆಯಲ್ಲಿ 'ನಿಮ್ಮನ್ನು ಹೇಗೆ ಸಂಪರ್ಕಿಸಬೇಕು' ಅಂತ ಕೇಳುವ ಒಂದು ಖಾನೆಯನ್ನೂ ಇಡದವರಿಗೆ ಇಷ್ಟಾದರೂ ಹೇಳಬೇಡವೇ? ಆಧಾರ್, ಪ್ಯಾನ್, ಹಿಂದಿನ ಸಂಬಳಕ್ಕೆಲ್ಲ ಖಾನೆ ಮಾಡಿರುತ್ತಾರೆ!